ಹದಿಮೂರನೆಯ ಸೋಪು

ಕಳೆದ ನವೆಂಬರಿನಲ್ಲಿ ರಾಜ್ಯೋತ್ಸವದ ಊಟ ಮುಗಿಸಿ ಹೊರಟ ಪ್ರತಿಯೊಂದು ಕುಟುಂಬದ ಕೈಗೂ ನಾವು ಒಂದೊಂದು ಸೀಸೆ ಸಾರಿನ ಪುಡಿ ಇಟ್ಟೆವು. ಅದನ್ನು ಪಡೆದ ಹಿರಿಯರೊಬ್ಬರು, "ಹೀಗೆ ಪುಕ್ಕಟೆ ಹಂಚುತ್ತಿದ್ದೀರಿ ಎಂದರೆ ವ್ಯಾಪಾರ ಭರ್ಜರಿಯಾಗಿಯೇ ಇರಬೇಕು" ಎಂದು ನಕ್ಕರು. ನಾವೂ ನಕ್ಕೆವು. ಸೀಸೆಯ ಮೇಲಿನ ದಿನಾಂಕವನ್ನು ಗಮನಿಸಿದ ಇನ್ನು ಕೆಲವರು, ಇನ್ನೂ ಆರು ತಿಂಗಳ ಆಯುಸ್ಸಿರುವ ಪುಡಿಯನ್ನು ಏಕೆ ಹಂಚುತ್ತಿದ್ದೀರಿ ಎಂದು ಕೇಳಿದರು. ಅಂದು ಉತ್ತರ ಹೇಳುವಷ್ಟು ಸಮಯವೂ ಮನಸ್ಸೂ ಇರಲಿಲ್ಲ. ಸಂಘದ ವಾರ್ತಾಪತ್ರಿಕೆಯನ್ನು ನೋಡಿಕೊಳ್ಳುವ ಗೆಳೆಯರು ಏನಾದರೂ ಬರೆದುಕೊಡಿ ಎಂದು ಕೇಳಿದಾಗ, ಆ ಉತ್ತರವನ್ನೇ ಬರೆಯೋಣವೆಂದು ನಾವಿಬ್ಬರೂ ನಿಶ್ಚಯಿಸಿದೆವು.

ಪುಡಿ ತಯಾರಾಗುವುದು ಅರಸೀಕೆರೆಯಲ್ಲಿ, ನಮ್ಮ ಅತ್ತಿಗೆಯ ಮನೆಯ ಹಿಂಬದಿಯ ಶೆಡ್ಡಿನಲ್ಲಿ. ಕೊತ್ತಂಬರಿ ಬೀಜ, ಬ್ಯಾಡಗಿ ಮೆಣಸಿನಕಾಯಿ, ಜೀರಿಗೆ, ಮೆಂತ್ಯ, ಕಾಳುಮೆಣಸು, ಇಂಗು, ಕರಿಬೇವು ಇವಿಷ್ಟನ್ನೇ ಹಾಕಿ ಅತ್ತಿಗೆಯೂ ಇನ್ನು ಮೂವರು ಹೆಂಗಸರೂ ಅದನ್ನು ಹುರಿದು ಪುಡಿ ಮಾಡುತ್ತಾರೆ. ಒಸಾಕಾದಲ್ಲಿ ಈಗ ಹತ್ತಾರು ವರ್ಷಗಳಿಂದ 'ಸ್ಪೈಸ್ ಕರಿ' ಎಂಬ ಹೊಸ ಬಗೆಯ ಅಡುಗೆ ಜನಪ್ರಿಯವಾಗಿರುವುದನ್ನು ನೀವೆಲ್ಲ ಬಲ್ಲಿರಿ. ಇಡೀ ಮಸಾಲೆ ಪದಾರ್ಥಗಳನ್ನು ಕೊಂಡು ಮನೆಯಲ್ಲೇ ಹುರಿಯುವ ಜಪಾನೀಯರು ಇಲ್ಲಿರುವಾಗ ಸಾರಿನ ಪುಡಿಗೂ ಒಂದು ಸ್ಥಳ ಸಿಕ್ಕೀತು ಎಂದು ನಾವು ನಂಬಿದೆವು. ಸಣ್ಣ ಆಮದು ಸಂಸ್ಥೆಯೊಂದನ್ನು ನೋಂದಾಯಿಸಿ, ಜಪಾನೀ ಭಾಷೆಯ ಲೇಬಲ್ ಮಾಡಿಸಿ, ಸಗಟು ವ್ಯಾಪಾರಿಯೊಬ್ಬರ ಮೂಲಕ ಉತ್ತರ ಒಸಾಕಾದ ತೊಯೊನಾಕಾ, ಸುಇತಾ ಕಡೆ ಮಳಿಗೆಗಳಿರುವ ಒಂದು ಸೂಪರ್ ಮಾರ್ಕೆಟ್ ಸರಣಿಯನ್ನು ತಲುಪಿದೆವು. ಅದರ ಹೆಸರು ಇಲ್ಲಿ ಬೇಡ.

ಅಲ್ಲಿಯ ಕರಿ ವಿಭಾಗದ ಮುಂದೆ ಮೊದಲ ಬಾರಿ ವ್ಯಾಪಾರಿಯ ಕಣ್ಣಿನಿಂದ ನಿಂತ ದಿನ ನೆನಪಿದೆ. ನೆಲದಿಂದ ಸುಮಾರು 85 ಸೆಂಟಿಮೀಟರಿನಿಂದ 150 ಸೆಂಟಿಮೀಟರಿನವರೆಗಿನ ಎತ್ತರವನ್ನು ಇಲ್ಲಿ 'ಗೋಲ್ಡನ್ ಝೋನ್' ಎನ್ನುತ್ತಾರೆ. ಕಣ್ಣು ಅರಸದೆಯೇ ಕಾಣುವ, ಕೈ ಚಾಚದೆಯೇ ಎಟಕುವ ಎತ್ತರ ಅದು. ಅಲ್ಲಿ 1963ರಿಂದ ಮನೆಮಾತಾಗಿರುವ ವರ್ಮಾಂಟ್ ಕರಿ, 1966ರ ಗೋಲ್ಡನ್ ಕರಿ ಇಂಥವು ನಾಲ್ಕು ನಾಲ್ಕು ಡಬ್ಬಿ ಅಗಲಕ್ಕೆ ಮುಖ ತೋರಿಸಿಕೊಂಡು ಕುಳಿತಿರುತ್ತವೆ. ಚೀಲದಲ್ಲೇ ಬಿಸಿ ಮಾಡಿ ತಿನ್ನುವ ಬೋನ್ ಕರಿ 1968ರಲ್ಲಿ ಮೊದಲು ಮಾರಾಟಕ್ಕೆ ಬಂದದ್ದೇ ಒಸಾಕಾ ಮತ್ತು ಕೋಬೆ ನಡುವಿನ ಹನ್‌ಶಿನ್ ಪ್ರದೇಶದಲ್ಲಿ. ಅಂದರೆ ಕರಿಯ ಮಟ್ಟಿಗೆ ಇದು ಹಳೆಯ, ಗಟ್ಟಿ ಬೇರಿನ ಊರು. ನಮ್ಮ ಸೀಸೆಗೆ ಸಿಕ್ಕಿದ್ದು ಕೆಳಗಿನಿಂದ ಎರಡನೆಯ ಅರೆ, ಅದೂ ಒಂದೇ ಸೀಸೆಯ ಅಗಲ. ಮೊಣಕಾಲಿನ ಎತ್ತರ. ಅದನ್ನು ನೋಡಬೇಕಾದರೆ ಗಿರಾಕಿ ಬಗ್ಗಬೇಕು. ಏನಿದೆಯೆಂದು ಮೊದಲೇ ತಿಳಿದವನಲ್ಲದೆ ಬೇರಾರು ಬಗ್ಗುತ್ತಾರೆ?

ಆದರೂ ಅದು ಖಾಯಂ ಸ್ಥಳ. ಯಾವ ವಸ್ತು ಎಲ್ಲಿ, ಎಷ್ಟು ಅಗಲದಲ್ಲಿ ಇರಬೇಕೆಂಬ ನಕ್ಷೆಯನ್ನು ಮಾರ್ಚ್ ಮತ್ತು ಸೆಪ್ಟೆಂಬರ್ ತಿಂಗಳಲ್ಲಿ ವರ್ಷಕ್ಕೆರಡು ಬಾರಿ ಹೊಸದಾಗಿ ಬರೆಯುತ್ತಾರೆ. ಒಮ್ಮೆ ನಕ್ಷೆಯಲ್ಲಿ ಹೆಸರು ಬಂದರೆ ಮುಂದಿನ ನಕ್ಷೆಯವರೆಗೆ ಬಾಡಿಗೆಯಿಲ್ಲದ ಮನೆಯಿದ್ದಂತೆ. ಮಾರ್ಚಿನ ನಕ್ಷೆಯಲ್ಲಿ 12 ಮಳಿಗೆಗಳಿಗೆ ನಮ್ಮ ಸೀಸೆ ಸೇರಿತು. ಪ್ರತಿ ಮಳಿಗೆಯಲ್ಲಿ ವಾರಕ್ಕೆ ಮೂರು ಸೀಸೆ ಮಾರಾಟವಾಗುತ್ತಿದ್ದವು.

ಲೆಕ್ಕ ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ತೆರಿಗೆ ಬಿಟ್ಟು ಗಿರಾಕಿ ಕೊಡುವುದು 498 ಯೆನ್. ಮಳಿಗೆಗೆ ಅದು 340ಕ್ಕೆ ಬೀಳುತ್ತದೆ. ಸಗಟು ವ್ಯಾಪಾರಿ ನಮ್ಮಿಂದ ಕೊಳ್ಳುವುದು 300ಕ್ಕೆ. ಅತ್ತಿಗೆಗೆ ಕೊಡುವ ಹಣ, ಸೀಸೆ, ಲೇಬಲ್, ಹಡಗಿನ ಬಾಡಿಗೆ, ಬಂದರಿನ ತಪಾಸಣೆ ಎಲ್ಲ ಸೇರಿ ನಮಗೆ ತಗಲುವುದು 190. ಸೀಸೆಯೊಂದಕ್ಕೆ 110 ಯೆನ್ ಉಳಿಯುತ್ತಿತ್ತು. ವಾರಕ್ಕೆ 36 ಸೀಸೆ, ಸುಮಾರು 4,000 ಯೆನ್. ನೀವು ನಗಬಹುದು. ನಾವು ಮಾತ್ರ ಅಂದು ಹಿಗ್ಗಿದ್ದೆವು.

ಮಾರ್ಚ್ ಕೊನೆಯಲ್ಲಿ ಸಗಟು ವ್ಯಾಪಾರಿಯ ಕಡೆಯವರು ಒಂದು ಪ್ರಸ್ತಾಪ ತಂದರು. ಜೂನ್ ಮೊದಲೆರಡು ವಾರ 'ಕರಿ ಮೇಳ'. ಕಪಾಟಿನ ಸಾಲಿನ ತುದಿಯಲ್ಲಿ, ಗಾಡಿ ತಳ್ಳಿಕೊಂಡು ತಿರುಗುವ ಪ್ರತಿಯೊಬ್ಬರ ಎದುರಿಗೂ ಬರುವ ಆ ಜಾಗದಲ್ಲಿ, ನಮ್ಮ ಸೀಸೆಗಳನ್ನು ಗುಡ್ಡೆ ಹಾಕಿ ಇಡುತ್ತಾರೆ. ಮನೆಮನೆಗೆ ಹೋಗುವ ಬಣ್ಣದ ಜಾಹೀರಾತು ಹಾಳೆ 'ಚಿರಶಿ'ಯಲ್ಲಿ ಚಿತ್ರ ಬರುತ್ತದೆ. ಬೆಲೆ 498ರಿಂದ 348ಕ್ಕೆ ಇಳಿಯಬೇಕು. ಪ್ರತಿ ಮಳಿಗೆಗೆ 60 ಸೀಸೆ, ಒಟ್ಟು 720.

ಇಳಿಯುವ ಆ 150 ಯೆನ್ ಯಾರದು? ಬಹುಮಂದಿ ಗಿರಾಕಿಗಳು ಅದನ್ನು ಅಂಗಡಿಯ ಔದಾರ್ಯವೆಂದೇ ಭಾವಿಸುತ್ತಾರೆ. ಒಂದು ಕಾಲಕ್ಕೆ ಹಾಗೆಯೇ ಇತ್ತೇನೋ. ಒಸಾಕಾದ ಸೆನ್‌ಬಯಾಶಿಯಲ್ಲಿ 1957ರಲ್ಲಿ ಮೊದಲ ಮಳಿಗೆ ತೆರೆದ ದೈಎ ಸಂಸ್ಥೆ, ಮುಂದೆ ಮತ್ಸುಶಿತಾ ಕಂಪನಿಯ ವಸ್ತುಗಳನ್ನು ಕಂಪನಿ ಒಪ್ಪದಷ್ಟು ಅಗ್ಗಕ್ಕೆ ಮಾರತೊಡಗಿತು. 1964ರಲ್ಲಿ ಕಂಪನಿ ಸರಬರಾಜನ್ನೇ ನಿಲ್ಲಿಸಿತು. ಎರಡೂ ಒಸಾಕಾದಲ್ಲೇ ಬೆಳೆದ ಸಂಸ್ಥೆಗಳು. ರಾಜಿಯಾಗಲು 1994 ಬರಬೇಕಾಯಿತು. ಬೆಲೆ ಇಳಿಸುವ ಹಕ್ಕು ಅಂಗಡಿಯದೋ ತಯಾರಕನದೋ ಎಂಬುದು ಆ ಮೂವತ್ತು ವರ್ಷಗಳ ಜಗಳ. ಇಂದು ನಮ್ಮಂಥವರ ಪಾಲಿಗೆ ಆ ಜಗಳಕ್ಕೇ ಎಡೆಯಿಲ್ಲ. ಬೆಲೆಯನ್ನು ಅಂಗಡಿ ಇಳಿಸುತ್ತದೆ. ಹಣವನ್ನು ನಾವು ಕೊಡುತ್ತೇವೆ. ನಮ್ಮ ಪ್ರಸ್ತಾಪದಲ್ಲಿ 150ರ ಪೈಕಿ 100 ಯೆನ್ ನಮ್ಮದು, ತನ್ನ ಲಾಭದಲ್ಲಿ 50 ಬಿಟ್ಟುಕೊಡುವುದು ಮಳಿಗೆಯದು. ಎಂದರೆ 300ಕ್ಕೆ ಕೊಡುತ್ತಿದ್ದ ಸೀಸೆಯನ್ನು 200ಕ್ಕೆ ಕೊಡಬೇಕು. ಇದಲ್ಲದೆ ಜಾಹೀರಾತು ಹಾಳೆಯ ಪಾಲಿಗೆಂದು ಪ್ರತಿ ಮಳಿಗೆಗೆ 5,000 ಯೆನ್ 'ಸಹಕಾರ ಧನ'. ಗುಡ್ಡೆಯ ಮೇಲಿನ ಫಲಕ, ಬೆಲೆಚೀಟಿ, ಅಡುಗೆ ವಿಧಾನದ ಚೀಟಿ ಇವೂ ನಮ್ಮ ಖರ್ಚು.

ಎರಡು ವಾರ ಸಾಲದು, ನಾಲ್ಕು ವಾರ ಇರಲಿ ಎಂದು ನಾವು ಕೇಳಿದೆವು. ಖರೀದಿ ನೋಡಿಕೊಳ್ಳುವ ಬೈಯರ್ ತಲೆಯಾಡಿಸಿದರು. ಅವರ ಕಾರಣ ನ್ಯಾಯವಾಗಿಯೇ ಇತ್ತು. 'ಎಂದಿನ ಬೆಲೆ 498, ಇಂದು 348' ಎಂದು ಬರೆಯಬೇಕಾದರೆ, ಹಿಂದಿನ ಎಂಟು ವಾರಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕಾಲ ಆ ವಸ್ತು ನಿಜವಾಗಿಯೂ 498ಕ್ಕೆ ಮಾರಾಟಕ್ಕಿರಬೇಕು ಎಂಬುದು ಇಲ್ಲಿಯ ಮಾರ್ಗಸೂಚಿ. ಅಗ್ಗದ ಬೆಲೆ ಹೆಚ್ಚು ಕಾಲ ನಿಂತರೆ ಅದೇ ಎಂದಿನ ಬೆಲೆಯಾಗಿಬಿಡುತ್ತದೆ. ಹೋಲಿಕೆಯ ಬೆಲೆ ಸುಳ್ಳಾಗುತ್ತದೆ. ಕಾನೂನಿನ ಮಾತು ಹಾಗಿರಲಿ, ಗಿರಾಕಿಯ ಮನಸ್ಸಿನಲ್ಲೂ ಆಗುವುದು ಅದೇ ಎಂದು ಆಮೇಲೆ ನಮಗೆ ತಿಳಿಯಿತು.

ನಾವು ಒಪ್ಪಿದೆವು. ಏಪ್ರಿಲಿನಲ್ಲಿ ಅತ್ತಿಗೆಗೆ ಫೋನ್ ಮಾಡಿ, 720 ಸೀಸೆ ಒಟ್ಟಿಗೇ ಬೇಕು ಎಂದಾಗ ಆ ಕಡೆ ಒಂದು ಕ್ಷಣ ಮೌನ. ಆಮೇಲೆ, "ನಿಜ ತಾನೇ? ಸೊನ್ನೆ ಹೆಚ್ಚು ಕಡಿಮೆ ಆಗಿಲ್ಲವಲ್ಲ?" ಎಂದು ಕೇಳಿದರು. ನಿಜವೆಂದೆವು. ಆ ಆರ್ಡರನ್ನು ನಂಬಿ ಅವರು ಸಂಘದ ಸಾಲ ತೆಗೆದು ಹುರಿಯುವ ಯಂತ್ರವೊಂದನ್ನು ಕೊಂಡರು. ಮೇ ಕೊನೆಯ ಹೊತ್ತಿಗೆ, ಮುಂದಿನ ಆರ್ಡರ್ ಇಷ್ಟೇ ಇರುತ್ತದೆಂದು ತಾವೇ ಊಹಿಸಿ ಇನ್ನೂ 700 ಸೀಸೆ ತುಂಬಿಸಿಟ್ಟರು. ಬೇಡವೆಂದು ಹೇಳಬೇಕಾದವರು ನಾವು. ಹೇಳಲಿಲ್ಲ. ನಾವೂ ಅದನ್ನೇ ಊಹಿಸಿದ್ದೆವು. ಅವೂ ಜೂನಿನಲ್ಲಿ ಹಡಗು ಹತ್ತಿದವು.

ಮೇಳ ಶುರುವಾಯಿತು. ರುಚಿ ತೋರಿಸಲು ನಿಲ್ಲುವವರನ್ನು ಇಲ್ಲಿ 'ಮನೆಕಿನ್' ಎನ್ನುತ್ತಾರೆ. ಅಂಗಡಿ ಕಿಟಕಿಯ ಗೊಂಬೆಯ ಹೆಸರೇ ಜೀವಂತ ಮನುಷ್ಯರಿಗೂ. ಬಾಡಿಗೆಗೆ ಕರೆಸುವಷ್ಟು ಶಕ್ತಿ ಇಲ್ಲದೆ ವಾರಾಂತ್ಯಗಳಲ್ಲೂ ರಜೆ ಹಾಕಿದ ದಿನಗಳಲ್ಲೂ ನಾವೇ ಮನೆಕಿನ್‌ಗಳಾದೆವು. ಒಟ್ಟು ಆರು ದಿನ, ಸಣ್ಣ ಒಲೆಯ ಮೇಲೆ ಟೊಮೆಟೊ ಸಾರು ಕುದಿಸಿ, ಎರಡು ಗುಟುಕಿನ ಕಾಗದದ ಲೋಟಗಳಲ್ಲಿ ಕೊಟ್ಟೆವು. ಸಾರಿನ ಪರಿಮಳ ಮೀನಿನ ವಿಭಾಗದವರೆಗೂ ಹೋಗಿ ಜನ ಬಂದರು. ಕುಡಿದು "ಓಯಿಶೀ" ಎಂದರು. ಪ್ರತಿಯೊಬ್ಬರದೂ ಅದೇ ಪ್ರಶ್ನೆ: ಇದನ್ನು ಯಾವುದಕ್ಕೆ ಹಾಕಬೇಕು? ಮಿಸೊ ಸೂಪಿನ ಬದಲಿಗೋ? ಅನ್ನದ ಮೇಲೆ ಸುರಿದುಕೊಳ್ಳಬೇಕೋ? ನಾವು ವಿವರಿಸುತ್ತಿದ್ದೆವು. ಹಿಂದೆ ಸರದಿ ಬೆಳೆಯುತ್ತಿತ್ತು. ವಿವರಣೆ ಅರ್ಧದಲ್ಲೇ ನಿಲ್ಲುತ್ತಿತ್ತು. ಜನ ಬೆಲೆಚೀಟಿಯ ಕೆಂಪು ಅಂಕಿ ನೋಡಿ ಸೀಸೆಯನ್ನು ಬುಟ್ಟಿಗೆ ಹಾಕಿಕೊಂಡು ಹೋಗುತ್ತಿದ್ದರು. ಅಜ್ಜಿಯೊಬ್ಬರು ಒಮ್ಮೆಗೇ ಮೂರು ಸೀಸೆ ಕೊಂಡರು. ನಮಗೆ ಕುಣಿಯುವುದೊಂದು ಬಾಕಿ.

ಇದರ ನಡುವೆ ಒಂದು ಸಣ್ಣ ಕಹಿ. ಆ ಸರಣಿಯ ಹೊಸ ಮಳಿಗೆಯೊಂದು ತೆರೆಯುವುದರಲ್ಲಿತ್ತು. ಜೋಡಿಸುವ ಕೆಲಸಕ್ಕೆ ಒಂದು ದಿನ ಬನ್ನಿ ಎಂದು ಬಾಯಿಮಾತಿನಲ್ಲಿ ಹೇಳಿಕಳಿಸಿದರು. ಹೋದೆವು. ದಿನವಿಡೀ ಬೇರೆ ಕಂಪನಿಗಳ ಎಣ್ಣೆ, ಸೋಯಾ ಸಾಸ್ ಡಬ್ಬಿಗಳನ್ನು ಜೋಡಿಸಿದೆವು. ಕೂಲಿಯಿಲ್ಲ, ರೈಲಿನ ಖರ್ಚೂ ಇಲ್ಲ. ಆಮೇಲೆ ಸಗಟು ವ್ಯಾಪಾರಿಯ ಕಡೆಯವರೇ ಗದರಿದರು: ತಮ್ಮದೇ ವಸ್ತುವಿನ ರುಚಿ ತೋರಿಸಲು ಒಪ್ಪಂದದ ಮೇಲೆ ನಿಲ್ಲುವುದು ಬೇರೆ, ದೊಡ್ಡ ಅಂಗಡಿಯವರು ಸರಬರಾಜುದಾರರನ್ನು ಬಿಟ್ಟಿ ದುಡಿಸಿಕೊಳ್ಳುವುದು ಬೇರೆ. ಎರಡನೆಯದು ಜಪಾನಿನ ಏಕಸ್ವಾಮ್ಯ ನಿಷೇಧ ಕಾನೂನಿನಲ್ಲಿ 'ಮೇಲುಗೈ ಸ್ಥಾನದ ದುರುಪಯೋಗ' ಎನ್ನಿಸಿಕೊಳ್ಳುತ್ತದೆ. ದೊಡ್ಡ ಚಿಲ್ಲರೆ ಅಂಗಡಿಗಳಿಗೆಂದೇ 2005ರಲ್ಲಿ ಪ್ರತ್ಯೇಕ ನಿಯಮ ಬಂದಿದೆ. 2010ರಿಂದ ದಂಡವೂ ಇದೆ. ಆ ದಂಡ ಮೊದಲು ಬಿದ್ದದ್ದು 2011ರಲ್ಲಿ ಒಕಾಯಾಮದ ಸಾನ್ಯೋ ಮರುನಾಕಾ ಎಂಬ ಸೂಪರ್ ಮಾರ್ಕೆಟ್ ಸಂಸ್ಥೆಗೆ, ಸುಮಾರು 22 ಕೋಟಿ ಯೆನ್. ಹೊಸ ಮಳಿಗೆಗಳ ಜೋಡಣೆಗೆ ಸರಬರಾಜುದಾರರ ಜನರನ್ನು ಕರೆಸಿದ್ದು ಅಲ್ಲಿಯ ಆರೋಪಗಳಲ್ಲಿ ಒಂದು. ಆದೇಶದಲ್ಲಿ ಕಾರಣಗಳನ್ನು ಸರಿಯಾಗಿ ವಿವರಿಸಿಲ್ಲವೆಂದು ಟೋಕಿಯೊ ಉಚ್ಚ ನ್ಯಾಯಾಲಯ 2020ರಲ್ಲಿ ಅದನ್ನು ರದ್ದುಗೊಳಿಸಿತು, ಅದು ಬೇರೆ ಮಾತು. ನಾವು ದೂರು ಕೊಡಲಿಲ್ಲ. ಒಂದೇ ಸೀಸೆಯ ಅಗಲದ ಜಾಗ ಉಳ್ಳವರು ದೂರು ಕೊಡುವ ಮುನ್ನ ಬಹಳ ಯೋಚಿಸುತ್ತಾರೆ.

ಮೇಳದ ಫಲಿತಾಂಶವನ್ನು ಸಗಟು ವ್ಯಾಪಾರಿ ವಾರವಾರವೂ ಕಳಿಸುತ್ತಿದ್ದ ಕೌಂಟರಿನ ಮಾರಾಟದ ಪಟ್ಟಿಯಲ್ಲಿ ನೋಡಿದೆವು. ಮಳಿಗೆಯೊಂದಕ್ಕೆ ಸರಾಸರಿ, ಮೊದಲ ವಾರ 27 ಸೀಸೆ, ಎರಡನೆಯ ವಾರ 18. ಎರಡು ವಾರದಲ್ಲಿ ಒಟ್ಟು 540. ಮಳಿಗೆಗೆ 15ರಂತೆ 180 ಉಳಿದವು. ಉಳಿದದ್ದನ್ನು ಹಿಂದಿರುಗಿಸುವುದಿಲ್ಲ, ಖಾಯಂ ಜಾಗದಲ್ಲೇ ಮಾರಿಕೊಳ್ಳುತ್ತೇವೆ ಎಂದರು. ಎಷ್ಟು ಸಜ್ಜನರು ಎಂದುಕೊಂಡೆವು.

ಮೂರನೆಯ ವಾರ ಬೆಲೆ 498ಕ್ಕೆ ಮರಳಿತು. ಪಟ್ಟಿಯಲ್ಲಿ ಬಂದ ಅಂಕಿ ಒಂದು. ಮುಂದಿನ ವಾರವೂ ಒಂದು. ಆಮೇಲೆ ಎರಡು, ಎರಡು, ಮೂರು, ಮೂರು, ಮೂರು. ಉಳಿದ 15 ಸೀಸೆ ಖಾಲಿಯಾಗಲು ಏಳು ವಾರ ಹಿಡಿಯಿತು. ಆ ಏಳು ವಾರ ನಮಗೆ ಒಂದೂ ಆರ್ಡರ್ ಬರಲಿಲ್ಲ. ಜುಲೈ ತಿಂಗಳಿಡೀ ಅತ್ತಿಗೆಯ ಫೋನ್: "ಮುಂದಿನ ಆರ್ಡರ್ ಯಾವಾಗ ಬರುತ್ತೆ? ಯಂತ್ರದ ಕಂತು ಕಟ್ಟಬೇಕು." ಬರುತ್ತದೆ ಅತ್ತಿಗೆ, ಬರುತ್ತದೆ ಎನ್ನುತ್ತಿದ್ದೆವು. ಅದೇ ಸಮಯಕ್ಕೆ ಅವರ ಎರಡನೆಯ 700 ಸೀಸೆ ಬಂದರಿಗೆ ಬಂದಿಳಿದವು.

ಆಗಸ್ಟಿನ ಒಂದು ಸಂಜೆ ಅದೇ ಮಳಿಗೆಯಲ್ಲಿ ಮೂರು ಸೀಸೆಯ ಅಜ್ಜಿ ಸಿಕ್ಕರು. ನಮ್ಮನ್ನು ಗುರುತಿಸಿ, ಬಹಳ ವಿನಯದಿಂದ, ಒಂದು ಸೀಸೆ ಅರ್ಧ ಮುಗಿದಿದೆ, ಇನ್ನೆರಡನ್ನು ತೆರೆದೇ ಇಲ್ಲ ಎಂದರು. ಪಟ್ಟಿಯಲ್ಲಿದ್ದ 'ಒಂದು' ಎಂಬ ಅಂಕಿಯ ಅರ್ಥ ಆಗ ಬಿಡಿಸಿಕೊಂಡಿತು. ಜೂನಿನಲ್ಲಿ ನಾವು ಮಾರಿದ್ದರಲ್ಲಿ ಒಂದು ಭಾಗ ಜುಲೈ ಆಗಸ್ಟಿನ ಮಾರಾಟವೇ; ಮುಂಚಿತವಾಗಿ, ಅಗ್ಗಕ್ಕೆ ಮಾರಿಕೊಂಡಿದ್ದೆವು. ಇನ್ನೊಂದು ಭಾಗ ಬೆಲೆ ನೋಡಿ ಕೊಂಡು ಅಡುಗೆಮನೆಯ ಕಪಾಟಿನಲ್ಲಿ ಮರೆತದ್ದು. ರುಚಿ ಹಿಡಿದು ಪೂರ್ತಿ ಬೆಲೆಗೆ ಮತ್ತೆ ಕೊಳ್ಳಲು ಬಂದವರು ಎಷ್ಟು ಮಂದಿ ಎಂಬುದು ಮೇಳದ ವಾರದ ಅಂಕಿಯಲ್ಲಿ ಕಾಣುವುದೇ ಇಲ್ಲ. ಗುಡ್ಡೆ ಕರಗಿ, ಮನೆಗಳ ದಾಸ್ತಾನೂ ಕರಗಿದ ಮೇಲೆ ಮಾರಾಟ ಎಲ್ಲಿ ಬಂದು ನಿಲ್ಲುತ್ತದೋ ಅದನ್ನು ನೋಡಬೇಕು. ನಮ್ಮದು ಆಗಸ್ಟಿನಲ್ಲಿ ವಾರಕ್ಕೆ ಮೂರೂವರೆಗೆ ಬಂದು ನಿಂತಿತು. ಮೊದಲಿದ್ದದ್ದು ಮೂರು. ಗಳಿಸಿದ್ದು ಅರ್ಧ ಸೀಸೆ.

ಒಂದು ಭಾನುವಾರ ಊಟದ ಮೇಜಿನ ಮೇಲೆ ಕಾಗದ ಹರಡಿಕೊಂಡು ಲೆಕ್ಕ ಹಾಕಿದೆವು. 720 ಸೀಸೆಯನ್ನು 200ರಂತೆ ಕೊಟ್ಟಾಗ ತಗಲಿದ 190 ಕಳೆದು ಉಳಿದದ್ದು ಒಟ್ಟು 7,200 ಯೆನ್. ಸಹಕಾರ ಧನ 60,000, ಫಲಕ ಮತ್ತು ಚೀಟಿ 24,000, ಒಲೆ, ಲೋಟ, ಪ್ರಯಾಣ 30,000. ಒಟ್ಟು ಖರ್ಚು 1,14,000. ನಮ್ಮ ದುಡಿಮೆಗೆ ಕೂಲಿ ಹಿಡಿಯದೆಯೇ 1,06,800 ಯೆನ್ ನಷ್ಟ. ಅಷ್ಟಕ್ಕೇ ಮುಗಿಯಲಿಲ್ಲ. ಮೇಳವೇ ಇಲ್ಲದಿದ್ದರೆ ಆ ಎರಡು ವಾರ ಮತ್ತು ಆರ್ಡರಿಲ್ಲದ ಏಳು ವಾರ ಸೇರಿ ಒಂಬತ್ತು ವಾರಗಳಲ್ಲಿ 324 ಸೀಸೆ ಎಂದಿನಂತೆ ಹೋಗಿ 35,640 ಯೆನ್ ಬರುತ್ತಿತ್ತು. ಅದೂ ಹೋಯಿತು. ಎಲ್ಲ ಸೇರಿ 1,42,440 ಯೆನ್ ತೆತ್ತು ನಾವು ಕೊಂಡದ್ದು ಮಳಿಗೆಗೆ ವಾರಕ್ಕೆ ಅರ್ಧ ಸೀಸೆಯ ಏರಿಕೆ, ಅಂದರೆ 12 ಮಳಿಗೆಗೆ ಆರು ಸೀಸೆ, ವಾರಕ್ಕೆ 660 ಯೆನ್. ಕೊಟ್ಟದ್ದು ಹಿಂದಿರುಗಿ ಬರಲು 216 ವಾರ ಬೇಕು. ನಾಲ್ಕು ವರ್ಷದ ಮೇಲೆ.

ಅಂದೇ ಇನ್ನೊಂದು ಅಂಕಿಯೂ ಕಣ್ಣಿಗೆ ಬಿತ್ತು. ಉಳಿದಿದ್ದ ಆ 180 ಸೀಸೆಗಳು! ಅವನ್ನೂ ನಾವು 100 ಯೆನ್ ಕಡಿಮೆಗೇ ಕೊಟ್ಟಿದ್ದೆವು. ಗಿರಾಕಿ ಮಾತ್ರ ಅವಕ್ಕೆ 498 ಪೂರ್ತಿ ಕೊಟ್ಟಿದ್ದ. ಗಿರಾಕಿಗೆಂದು ನಾವು ಬಿಟ್ಟ 18,000 ಯೆನ್ ಗಿರಾಕಿಯನ್ನು ತಲುಪದೆ ದಾರಿಯಲ್ಲೇ ನಿಂತಿತ್ತು. ಹಿಂದಿರುಗಿಸುವುದಿಲ್ಲ ಎಂದ ಸೌಜನ್ಯದ ಗುಟ್ಟು ಇದು.

ಕೋಪ ಬರಬೇಕಾಗಿತ್ತು. ಬಂದದ್ದು ನಗು. ಏಕೆಂದರೆ ನಾವು ಬೆಳೆದದ್ದೇ ಆ ಹಣದಲ್ಲಿ. ನಮ್ಮಲ್ಲೊಬ್ಬರ ತಂದೆಗೆ ಅರಸೀಕೆರೆಯಲ್ಲಿ ದಿನಸಿ ಅಂಗಡಿಯಿತ್ತು. ಸೋಪಿನ ಕಂಪನಿಯ ಸೇಲ್ಸ್‌ಮನ್ ಬಂದು, "ಈ ತಿಂಗಳು ಸ್ಕೀಮ್ ಇದೆ ಸಾಹುಕಾರ್ರೇ, ಡಜನ್ನಿಗೆ ಒಂದು ಫ್ರೀ" ಎನ್ನುತ್ತಿದ್ದ. ಸ್ಕೀಮಿನ ತಿಂಗಳಲ್ಲಿ ಅಪ್ಪ ಎರಡು ತಿಂಗಳಿಗಾಗುವಷ್ಟು ಪೇರಿಸಿಡುತ್ತಿದ್ದರು. ಮುಂದಿನ ತಿಂಗಳು ಅವನಿಗೆ ಆರ್ಡರೇ ಇಲ್ಲ. ಹದಿಮೂರನೆಯ ಸೋಪನ್ನು ಯಾವ ಗಿರಾಕಿಗೂ ಪುಕ್ಕಟೆ ಕೊಟ್ಟದ್ದನ್ನು ನಾವು ಕಂಡಿಲ್ಲ. ಅದೂ ಅದೇ ಬೆಲೆಗೆ ಹೋಗುತ್ತಿತ್ತು. ಗಲ್ಲಾಪೆಟ್ಟಿಗೆಯ ಪಕ್ಕದ ಗಾಜಿನ ಕಪಾಟಿನಲ್ಲಿ ಒಂದು ಕಂಪನಿಯ ಬಿಸ್ಕತ್ತನ್ನೇ ಸಾಲಾಗಿ ಇಡಲು ತಿಂಗಳಿಗಿಷ್ಟೆಂದು ಹಣವೂ ಬರುತ್ತಿತ್ತು. ಸೇಲ್ಸ್‌ಮನ್ ಬರುವ ದಿನ ಸಾಲು ಸರಿಯಾಗಿರುತ್ತಿತ್ತು, ಮಿಕ್ಕ ದಿನ ಅಲ್ಲಿ ಕೊಬ್ಬರಿ ಎಣ್ಣೆಯ ಸೀಸೆ. ಶಾಲೆಯ ಫೀಸು ಕಟ್ಟಿದ್ದರಲ್ಲಿ ಹದಿಮೂರನೆಯ ಸೋಪಿನ ಪಾಲೂ ಇದ್ದೇ ಇತ್ತು. ಈಗ ಒಸಾಕಾದಲ್ಲಿ ನಾವು ಆ ಸೇಲ್ಸ್‌ಮನ್ನನ ಜಾಗಕ್ಕೆ ಬಂದು ನಿಂತಿದ್ದೆವು, ಅಷ್ಟೇ.

ಮಾಡಬೇಕಾದದ್ದೇನು ಎಂದು ಸಗಟು ವ್ಯಾಪಾರಿಯ ಕಡೆಯ ಹಿರಿಯರೊಬ್ಬರು ಹೇಳಿಕೊಟ್ಟರು. ಕಳಿಸಿದ ಸೀಸೆಗೆ ರಿಯಾಯಿತಿ ಕೊಡಬೇಡಿ. ಎಂದಿನ 300ಕ್ಕೇ ಕಳಿಸಿ. ಮೇಳ ಮುಗಿದ ಮೇಲೆ, ಮೇಳದ ದಿನಗಳಲ್ಲಿ ಮೇಳದ ಬೆಲೆಗೆ ಕೌಂಟರಿನಲ್ಲಿ ಎಷ್ಟು ಸೀಸೆ ಹೋಯಿತೋ ಅಷ್ಟಕ್ಕೆ ಮಾತ್ರ 100ರಂತೆ ಲೆಕ್ಕ ತೀರಿಸಿ. ಕಂಪ್ಯೂಟರಿನ ಪಟ್ಟಿ ಇದ್ದೇ ಇದೆ. ಹೀಗೆ ಬರೆದುಕೊಂಡರೆ ಅಂಗಡಿಗೂ ಬೇಕಾದ್ದಕ್ಕಿಂತ ಹೆಚ್ಚು ತರಿಸಿಡುವ ಆಸೆ ಹುಟ್ಟುವುದಿಲ್ಲ. ಮೊದಲೇ ಏಕೆ ಹೇಳಲಿಲ್ಲ ಎಂದು ಕೇಳಿದೆವು. ನೀವು ಕೇಳಲಿಲ್ಲವಲ್ಲ ಎಂದರು. ಒಸಾಕಾದ ವ್ಯಾಪಾರಿಯ ನಗೆ ನಿಮಗೆ ಗೊತ್ತಿದೆ.

ಆ ವಿದ್ಯೆಯನ್ನು ಬಳಸುವ ಅವಕಾಶ ಬರಲಿಲ್ಲ. ಸೆಪ್ಟೆಂಬರಿನ ನಕ್ಷೆಯಲ್ಲಿ ನಮ್ಮ ಸೀಸೆಯ ಹೆಸರಿರಲಿಲ್ಲ. ವಾರಕ್ಕೆ ಮೂರೂವರೆ ಎಂಬುದು ಆ ಅರೆಯ ಮೇಲಿನ ಬೇರೆ ವಸ್ತುಗಳಿಗಿಂತ ಕಡಿಮೆ. ಬೈಯರ್ ಕ್ಷಮೆ ಕೇಳಿದರು, ತಗ್ಗಿ ನಮಸ್ಕರಿಸಿದರು, ಮುಗಿಯಿತು. 216 ವಾರದ ಲೆಕ್ಕ ಆರೇ ವಾರಕ್ಕೆ ನಿಂತಿತು. ನಮ್ಮ ಕೈಯಲ್ಲಿ ಸುಮಾರು 450 ಸೀಸೆ ಉಳಿದವು. ಬೇರೆ ಅಂಗಡಿಗೆ ಕೊಡೋಣವೆಂದರೆ ಇಲ್ಲಿಯ 'ಮೂರನೆಯ ಒಂದು' ಎಂಬ ರೂಢಿ ಅಡ್ಡ ಬಂತು. ಹನ್ನೆರಡು ತಿಂಗಳ ಆಯುಸ್ಸಿನ ವಸ್ತುವಾದರೆ, ತಯಾರಾದ ನಾಲ್ಕು ತಿಂಗಳೊಳಗೆ ಅಂಗಡಿಗೆ ತಲುಪಬೇಕು. ಆಮೇಲೆ ತಂದದ್ದನ್ನು ಸ್ವೀಕರಿಸುವುದಿಲ್ಲ. ಈಚೆಗೆ ಕೆಲವರು ಅರ್ಧ ಆಯುಸ್ಸಿನವರೆಗೂ ಸಡಿಲಿಸಿದ್ದಾರೆ, ನಾವು ಕೇಳಿದ ಕಡೆ ಸಡಿಲಿಸಿರಲಿಲ್ಲ. ಮೇ ಕೊನೆಯಲ್ಲಿ ತುಂಬಿದ ಪುಡಿ ಸೆಪ್ಟೆಂಬರ್ ಕೊನೆಗೆ ವ್ಯಾಪಾರದ ಮಟ್ಟಿಗೆ ಹಳತಾಯಿತು. ಸೀಸೆಯ ಮುಚ್ಚಳ ತೆಗೆದರೆ ಬ್ಯಾಡಗಿಯ ಬಣ್ಣ ಹಾಗೆಯೇ, ಇಂಗಿನ ಘಮವೂ ಹಾಗೆಯೇ. ಬಹುಪಾಲನ್ನು ಭಾರತೀಯ ಹೋಟೆಲುಗಳ ಅಡುಗೆಯವರಿಗೆ ತಗಲಿದ ಬೆಲೆಗೆ ಕೊಟ್ಟೆವು. ಮಿಕ್ಕ 120 ಸೀಸೆ ನಿಮ್ಮ ಮನೆಗಳಿಗೆ ಬಂದವು.

ಅತ್ತಿಗೆಗೆ ಇದನ್ನೆಲ್ಲ ಹೇಳುವುದು ಲೆಕ್ಕ ಹಾಕಿದ್ದಕ್ಕಿಂತ ಕಷ್ಟವಾಯಿತು. ಗುಡ್ಡೆಯ ಆರ್ಡರ್ ಬೇರೆ, ವಾರವಾರದ ಆರ್ಡರ್ ಬೇರೆ ಎಂದು ಏಪ್ರಿಲಿನಲ್ಲೇ ಬಿಡಿಸಿ ಹೇಳಿದ್ದರೆ ಅವರು ಯಂತ್ರ ಕೊಳ್ಳುತ್ತಿರಲಿಲ್ಲ. ಅವರು ಪೂರ್ತಿ ಕೇಳಿಸಿಕೊಂಡು, "ನೀವಿಬ್ಬರೂ ಊಟ ಸರಿಯಾಗಿ ಮಾಡ್ತಾ ಇದ್ದೀರಿ ತಾನೇ?" ಎಂದರು. ಯಂತ್ರದ ಕಂತಿನಲ್ಲಿ ಅರ್ಧವನ್ನು ಈಗ ನಾವು ಕಟ್ಟುತ್ತಿದ್ದೇವೆ.

ವ್ಯಾಪಾರ ಪೂರ್ತಿ ನಿಂತಿಲ್ಲ. ತರಕಾರಿ ವಿಭಾಗದಲ್ಲಿ ಎಲೆಕೋಸಿನ ಪಕ್ಕ, ಬದನೆಕಾಯಿಯ ಪಕ್ಕ ಸಣ್ಣ ಸಣ್ಣ ಮಸಾಲೆ ಪೊಟ್ಟಣಗಳನ್ನು ಪಟ್ಟಿಯಲ್ಲಿ ನೇತುಹಾಕಿರುವುದನ್ನು ನೀವು ಕಂಡಿರುತ್ತೀರಿ. ರುಚಿ ನೋಡಿದ ಪ್ರತಿಯೊಬ್ಬರೂ 'ಯಾವುದಕ್ಕೆ ಹಾಕಬೇಕು' ಎಂದು ಕೇಳಿದ್ದು ನಮ್ಮ ತಲೆಯಲ್ಲಿ ಉಳಿದಿತ್ತು. ಟೊಮೆಟೊ ಪಕ್ಕದಲ್ಲಿ ನೇತಾಡಿದರೆ ಆ ಪ್ರಶ್ನೆಗೆ ಉತ್ತರ ಬೇರೆ ಬೇಕಿಲ್ಲ. ಒಂದು ಸಲಕ್ಕಾಗುವ ಹತ್ತು ಗ್ರಾಮಿನ ಪೊಟ್ಟಣ ಮಾಡಿಸಿದೆವು, 98 ಯೆನ್, ರಿಯಾಯಿತಿ ಇಲ್ಲ, ಸಹಕಾರ ಧನವೂ ಇಲ್ಲ. ತರಕಾರಿ ವಿಭಾಗದ ಮುಖ್ಯಸ್ಥರು ಬೇರೆ, ದಿನಸಿಯ ಬೈಯರ್ ಬೇರೆ. ಪೊಟ್ಟಣದ ಮಾರಾಟ ಯಾರ ಖಾತೆಗೆ ಎಂಬ ಚರ್ಚೆಗೇ ಒಂದು ತಿಂಗಳು ಹೋಯಿತು. ತರಕಾರಿಯವರ ಖಾತೆಗೆಂದು ತೀರ್ಮಾನವಾದ ಮೇಲೆ ಐದು ಮಳಿಗೆಗಳು ಒಪ್ಪಿದವು. ಸೊಪ್ಪಿಗೆ ಸಿಂಪಡಿಸುವ ನೀರಿನ ಹನಿಗೆ ಮೊದಲ ವಾರವೇ ಲೇಬಲ್‌ಗಳು ಸುಕ್ಕಾದವು. ಪಟ್ಟಿಯನ್ನು ಒಣ ಜಾಗದ ಕಡೆ ಸರಿಸಿದೆವು. ಈಗ ಮಳಿಗೆಗೆ ವಾರಕ್ಕೆ ಹನ್ನೊಂದು ಪೊಟ್ಟಣ ಹೋಗುತ್ತಿವೆ. ಪೊಟ್ಟಣಕ್ಕೆ ನಮಗೆ ಉಳಿಯುವುದು 22 ಯೆನ್, ಐದೂ ಮಳಿಗೆ ಸೇರಿ ವಾರಕ್ಕೆ 1,200ರಷ್ಟು. ಸೀಸೆಯ ಕಾಲದ ಮೂರನೆಯ ಒಂದು ಭಾಗಕ್ಕಿಂತಲೂ ಕಡಿಮೆ. ಆದರೆ ಮೂರು ತಿಂಗಳಿಂದ ಆ ಹನ್ನೊಂದು ಹತ್ತಾಗಿಲ್ಲ, ಒಂಬತ್ತಾಗಿಲ್ಲ.

ಅತ್ತಿಗೆಯ ಯಂತ್ರದಲ್ಲಿ ಈಗ ವಾರಕ್ಕೆ ಒಂದು ದಿನ ನಮ್ಮ ಪುಡಿಗೆ ಹುರಿಯುತ್ತಾರೆ. ಮಿಕ್ಕ ದಿನ ಊರವರು ರಾಗಿ, ಗೋಧಿ ತಂದು ಹುರಿಹಿಟ್ಟಿಗೆ ಹುರಿಸಿಕೊಂಡು ಹೋಗುತ್ತಾರಂತೆ, ಕೆ.ಜಿ.ಗೆ ಇಷ್ಟೆಂದು.